ಕಾಲುಂಗುರ ಒತ್ತಿದ ಕಾಗದ

ಓದಲು ಬರುವುದಿಲ್ಲ ಎಂದು ಹೇಳಬೇಕಾಗಿದ್ದ ಹೊತ್ತಿನಲ್ಲಿ ನಾನು ಹೇಳಲಿಲ್ಲ. ಹೇಳಿದ್ದರೆ, ನನ್ನ ತಂಗಿ ತನ್ನ ಗಂಡನಿಗೆ ಬರೆದಿಟ್ಟ ಕಾಗದ ಬೇರೆ ಯಾರ ಕಿವಿಗೂ ಬೀಳದೆ ಉಳಿದಿರುತ್ತಿತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಬಸ್ಸಿನ ಬೋರ್ಡಿನಲ್ಲಿ ತುರುವೇಕೆರೆ ಎಂದು ಓದಿ ಮುಗಿಸುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ. ಇದನ್ನು ಬರೆಯುವಾಗಲೂ ಒತ್ತಕ್ಷರಗಳಿಗೆ ಹೆಂಡತಿಯನ್ನು ಕೇಳುತ್ತಿದ್ದೇನೆ. ತಂಗಿ ಹಾಗಲ್ಲ, ಪಿಯುಸಿ ಮುಗಿಸಿದವಳು. ಅವಳನ್ನು ತಿಪಟೂರಿನ ಕೊಬ್ಬರಿ ವ್ಯಾಪಾರಿಗೆ ಕೊಟ್ಟಿದ್ದೇವೆ. ಪ್ರತಿ ವರ್ಷ ನಮ್ಮ ಅಟ್ಟದ ಕೊಬ್ಬರಿ ಕೊಳ್ಳುವವನೂ ಅವನೇ. ಹೆಂಡತಿಗೆ ಒಂದು ಏಟು ಹೊಡೆದವನಲ್ಲ. ನಾಲ್ಕು ಜನ ಸೇರಿದ ಕಡೆ ಅವಳ ಮೇಲೆ ಒಂದು ಮಾತು ಬಿಟ್ಟು ಎಲ್ಲರನ್ನೂ ನಗಿಸುತ್ತಾನೆ, ಅಷ್ಟೇ. ನಾವೂ ನಗುತ್ತಿದ್ದೆವು.

ಅವಳ ಮದುವೆಯಾಗಿ ಹನ್ನೆರಡು ವರ್ಷವಾದಾಗ, ಅವಳ ಮಗಳ ಶಾಲೆಯಲ್ಲಿ ಮಕ್ಕಳಿಂದ ಒಂದೊಂದು ಕಾಗದ ಬರೆಸಿದರಂತೆ. ಹತ್ತನೇ ಕ್ಲಾಸು ಮುಗಿದ ದಿನ ಅವರವರ ಕಾಗದ ಅವರವರಿಗೇ ಕೊಡುತ್ತಾರೆ, ಅಲ್ಲಿಯವರೆಗೆ ಪೆಟ್ಟಿಗೆಯೊಳಗೆ ಬೀಗ. ಅದನ್ನು ಕೇಳಿ ತಂಗಿಯ ತಲೆಗೂ ಆ ಹುಳ ಹೊಕ್ಕಿತು. ಗಂಡನಿಗೆ ಒಂದು ಕಾಗದ ಬರೆದಿಡುವುದು, ಇಪ್ಪತ್ತೈದನೇ ಮದುವೆ ದಿನ ಅವನು ಅದನ್ನು ಒಡೆದು ಓದುವುದು.

ನನ್ನ ಹತ್ತಿರ ಬಂದಾಗ ಅವಳು ಎಲ್ಲ ವಿಚಾರಿಸಿಕೊಂಡೇ ಬಂದಿದ್ದಳು. ಮಕ್ಕಳ ನೋಟ್ ಬುಕ್ಕಿನ ಹಾಳೆ ಬೇಗ ಹಳದಿಯಾಗಿ ಪುಡಿಯಾಗುತ್ತದೆ ಎಂದು ದಪ್ಪನೆಯ ಬಿಳಿ ಹಾಳೆ ತಂದಿದ್ದಳು. ನೀರು ಬಿದ್ದರೂ ಹರಡದ, ಬೇಗ ಮಾಸದ ಕಪ್ಪು ಶಾಯಿಯ ಪೆನ್ನು. ಪಿನ್ನು ಹೊಡೆಯಲಿಲ್ಲ, ತುಕ್ಕು ಕಾಗದವನ್ನು ತಿನ್ನುತ್ತದಂತೆ. ಪ್ಲಾಸ್ಟಿಕ್ ಕವರು ಬೇಡ ಎಂದಳು, ವರ್ಷ ಕಳೆದರೆ ಅಕ್ಷರ ಅದಕ್ಕೆ ಅಂಟಿಕೊಳ್ಳುತ್ತದಂತೆ. ಹುಳ ಬೀಳದಿರಲಿ ಎಂದು ನಾನು ನಾಲ್ಕು ಬೇವಿನೆಲೆ ಕಿತ್ತು ತಂದರೆ ನಕ್ಕುಬಿಟ್ಟಳು.

“ಎಲೆ ನೀರು ಬುಡುತ್ತೆ ಕಣಣ್ಣ. ಇದು ಉಪ್ಪಿನಕಾಯಿ ಅಲ್ಲ.”

ಕಾಗದ ಮಡಿಸಿ ಒಂದು ಲಕೋಟೆಗೆ, ಅದನ್ನು ಇನ್ನೊಂದು ದೊಡ್ಡ ಲಕೋಟೆಗೆ ಹಾಕಿದಳು. ಅಂಟಿಸಿದ ಬಾಯಿಯ ಮೇಲೆ ಆ ಕಡೆಗೂ ಈ ಕಡೆಗೂ ಬರುವಂತೆ ರುಜು ಹಾಕಿದಳು. ಯಾರಾದರೂ ಬಿಚ್ಚಿ ಮತ್ತೆ ಅಂಟಿಸಿದರೆ ರುಜುವಿನ ಗೆರೆ ಕೂಡುವುದಿಲ್ಲ. ಆಮೇಲೆ ಕೆಂಪು ಅರಗನ್ನು ಮೇಣದ ಬತ್ತಿಗೆ ಹಿಡಿದು ತೊಟ್ಟಿಕ್ಕಿಸಿ, ಅದು ಗಟ್ಟಿಯಾಗುವ ಮೊದಲು ಸೆರಗಿನ ಗಂಟಿನಿಂದ ಒಂದು ಹಳೇ ಕಾಲುಂಗುರ ತೆಗೆದು ಒತ್ತಿದಳು. ಮದುವೆಯಲ್ಲಿ ತೊಡಿಸಿದ್ದು, ಸವೆದಿದೆಯೆಂದು ತೆಗೆದಿಟ್ಟಿದ್ದು. ಲಕೋಟೆಯ ಮೇಲೆ ‘ನನ್ನ ಯಜಮಾನರಿಗೆ, ಇಪ್ಪತ್ತೈದನೇ ಮದುವೆ ದಿನ ಬೆಳಿಗ್ಗೆ, ಅದಕ್ಕೆ ಮೊದಲು ಬೇಡ’ ಎಂದು ಬರೆದಳು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಅದನ್ನಿಟ್ಟು, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ತೇವ ಹೀರುವ ಪುಟ್ಟ ಪೊಟ್ಟಣ, ಅಂಥದ್ದೊಂದು ಹಾಕಿ, ಮುಚ್ಚಳದ ಸುತ್ತ ಕರೆಂಟಿನವರ ಕಪ್ಪು ಟೇಪು ಸುತ್ತಿದಳು.

“ನಮ್ಮನೇಲಿ ಇಟ್ಕಳಕ್ಕಾಗಲ್ಲ. ಅವ್ರು ಎಲ್ಲಾ ಹುಡುಕ್ತಾರೆ. ಫೋನಲ್ಲಿ ಬರ್ದಿಟ್ರೆ ಆ ಫೋನು ಅಲ್ಲೀ ಗಂಟ ಇರಾದಿಲ್ಲ. ಅದಕ್ಕೆ ನಿಂತಾವ ಕೊಡ್ತಾ ಇವ್ನಿ. ನಾನು ಸತ್ತಿದ್ರೂ ಆ ದಿನ ಕೊಡ್ಬೇಕು. ಅವ್ರೇ ಬಂದು ಕೇಳುದ್ರೂ ಅದಕ್ ಮುಂಚೆ ಕೊಡ್ಬೇಡ.”

“ಆಯ್ತು ಬುಡವ್ವ” ಎಂದೆ.

ಇಟ್ಟಿದ್ದು ಎಲ್ಲಿ? ಕಾಯಿ ಅಟ್ಟದ ಮೂಲೆಯಲ್ಲಿ. ನಮ್ಮ ಕಡೆ ಅಟ್ಟಕ್ಕಿಂತ ಒಣಗಿದ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಸಿಪ್ಪೆ ಸಮೇತ ಕಾಯಿ ಏರಿಸಿದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುವವರೆಗೆ, ಹೆಚ್ಚುಕಡಿಮೆ ಒಂದು ವರ್ಷ, ಯಾರೂ ಅದನ್ನು ಮುಟ್ಟುವುದಿಲ್ಲ. ನನ್ನ ಲೆಕ್ಕದಲ್ಲಿ ‘ಯಾರೂ ಮುಟ್ಟದ ಕಾಲ’ ಎಂದರೆ ಅಷ್ಟೇ, ಒಂದು ಅಟ್ಟದ ಕಾಲ. ಕಾಗದಕ್ಕೆ ಬೇಕಾಗಿದ್ದದ್ದು ಹದಿಮೂರು ಅಟ್ಟದ ಕಾಲ. ಕಾಯಿ ಇಳಿಸುವ ಹಿಂದಿನ ದಿನ ಡಬ್ಬಿ ತೆಗೆದು, ಹೊಸ ಕಾಯಿ ಏರಿಸಿದ ಮೇಲೆ ಮತ್ತೆ ಇಡೋಣ ಎಂದುಕೊಂಡಿದ್ದೆ. ಮೊದಲನೇ ವರ್ಷವೇ ಮರೆತೆ.

ಆ ದಿನ ತಂಗಿಯ ಗಂಡ ತನ್ನ ಆಳುಗಳನ್ನು ಕರೆದುಕೊಂಡು ಬಂದಿದ್ದ. ಎಲ್ಲರಿಗೂ ಅಡುಗೆ ಮಾಡಲು ತಂಗಿಯೂ ಬಂದು ನನ್ನ ಹೆಂಡತಿಯ ಜೊತೆ ಒಳಗಿದ್ದಳು. ಅಟ್ಟದಿಂದ ಕಾಯಿ ಉರುಳುತ್ತಿತ್ತು, ಕೆಳಗೆ ಸುಲಿಯುತ್ತಿದ್ದರು, ಚಿಪ್ಪು ಕೆತ್ತುತ್ತಿದ್ದರು. ಕಾಯಿಗಳ ಜೊತೆ ಡಬ್ಬಿಯೂ ಉರುಳಿ ಬಂದು ಅವನ ಕಾಲ ಬಳಿಯೇ ನಿಂತಿತು. ಅವನು ಎತ್ತಿಕೊಂಡು, ಕೊಬ್ಬರಿಯನ್ನು ನೋಡುವ ಹಾಗೆಯೇ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

“ಇದು ಒಣಗೈತೆ ಕಣ್ರಲಾ, ಸದ್ದು ಬತ್ತಾ ಐತೆ!”

ಆಳುಗಳು ನಕ್ಕರು. ನಾನು ಓಡಿಹೋಗಿ ಕೈಯೊಡ್ಡಿದೆ.

“ಅದು ಕಾಯಲ್ಲ ಬಾವ, ಕೊಡಿ ಇಲ್ಲಿ.”

“ಅಟ್ಟದಾಗಿರಾದೆಲ್ಲ ನಂದು ಅಂತ ತಾನೆ ಮಾತಾಗಿದ್ದು? ಮಾತು ಅಂದ್ರೆ ಮಾತು.”

ಟೇಪು ಕಿತ್ತ. ಲಕೋಟೆಯ ಮೇಲಿನದನ್ನು ಓದಿಕೊಂಡು ಹುಬ್ಬು ಏರಿಸಿದ. “ಓಹೋ, ನಂಗೇ ಬಂದೈತೆ!” ಎನ್ನುತ್ತಾ ಅರಗಿನ ಕೆಳಗೆ ಹೆಬ್ಬೆರಳಿನ ಉಗುರು ತೂರಿಸಿ ಎಬ್ಬಿಸಿದ. ಕಾಲುಂಗುರದ ಗುರುತಿದ್ದ ಅರಗು ಎರಡು ತುಂಡಾಗಿ ಸಿಪ್ಪೆಯೊಳಗೆ ಬಿತ್ತು. ಒಳಗಿನ ಲಕೋಟೆಯನ್ನೂ ಹರಿದ. ಇಷ್ಟು ಮಾಡಿದವನು ಕಾಗದವನ್ನು ತಾನು ಓದಲಿಲ್ಲ. ನನ್ನ ಕಡೆ ಚಾಚಿದ.

“ಕನ್ನಡಕ ತಂದಿಲ್ಲ ಬಾವ. ನೀವೇ ಓದಿ. ನಾಕ್ನೇ ಕ್ಲಾಸ್ ಅಂದ್ರೆ ಕಮ್ಮಿನಾ? ಕೇಳ್ರಲಾ ಎಲ್ರೂ, ನಮ್ ಬಾವ ಓದ್ತಾರೆ.”

ಆ ಹೊತ್ತಿನಲ್ಲಿ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ನನಗೆ ಓದಕ್ಕೆ ಬರಲ್ಲ. ಎಲ್ಲರಿಗೂ ಗೊತ್ತಿದ್ದ ವಿಷಯ ಅದು. ಕಾಗದ ಕೈಗೆ ಬಂದಿತ್ತಲ್ಲ, ಮಡಿಸಿ ಜೇಬಿಗೆ ಹಾಕಿಕೊಂಡರೂ ಸಾಕಾಗಿತ್ತು. ಆದರೆ ಆಳುಗಳೆಲ್ಲ ಕೈಯ ಕೆಲಸ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಬರುತ್ತದೆ ಎಂದು ತೋರಿಸಬೇಕು ಅನ್ನಿಸಿತು. ಗಂಟಲು ಸರಿಮಾಡಿಕೊಂಡೆ.

ಬೆರಳಿಟ್ಟು ಓದಿದೆ. ನ-ನ್ನ ಯ-ಜ-ಮಾ-ನ-ರಿ-ಗೆ. ಒಂದೊಂದು ಅಕ್ಷರಕ್ಕೂ ನಗು. ಒತ್ತಕ್ಷರದಲ್ಲಿ ನಾನು ತಡವರಿಸಿದರೆ ಇನ್ನೂ ಜೋರು ನಗು. ಹೇಳಿದರೆ ನಾಚಿಕೆಯಾಗುತ್ತದೆ, ಆ ನಗು ನನಗೆ ಹಿಡಿಸಿತು. ಬೇಕೆಂದೇ ಎರಡು ಕಡೆ ತಡವರಿಸಿದೆ. ಅವಳು ಬಸುರಿಯಾಗಿದ್ದಾಗ ಮಾಯಸಂದ್ರದ ರಸ್ತೆಯಲ್ಲಿ ವಾಂತಿ ಬಂದು, ಇವನು ಬೈಕು ನಿಲ್ಲಿಸಿ ಅವಳ ಹಣೆ ಹಿಡಿದುಕೊಂಡಿದ್ದನ್ನು ಬರೆದಿದ್ದಳು. ಆ ಒಂದು ಅಂಗೈ ನೆನೆಸಿಕೊಂಡೇ ಇಷ್ಟು ವರ್ಷ ನಡೆದೆ ಎಂದು ಬರೆದಿದ್ದಳು. ಅದಕ್ಕೂ ನಗು. ಆಮೇಲೆ, ತಿ-ರು-ಳಿ-ಲ್ಲ-ದ ಕಾ-ಯಿ.

ಹಾಗೆ ಬಿಡಿಬಿಡಿಯಾಗಿ ಓದುವವನಿಗೆ ಅರ್ಥ ತಡವಾಗಿ ಬರುತ್ತದೆ. ಸಾಲು ಮುಗಿದ ಮೇಲೆ ತಿಳಿಯಿತು. ‘ಎರಡನೇ ಮಗು ಹೊಟ್ಟೆಯಲ್ಲೇ ಹೋದ ವಾರ ನೀವು ನನ್ನನ್ನು ತಿರುಳಿಲ್ಲದ ಕಾಯಿ ಅಂದಿರಿ. ಇಪ್ಪತ್ತೈದು ವರ್ಷ ಆಗುವ ಹೊತ್ತಿಗೆ ನಾನು ಅದನ್ನು ಮರೆತಿರುತ್ತೇನೆ.’ ಚಿಪ್ಪು ಕೆತ್ತುತ್ತಿದ್ದ ಮುದುಕಿಯೊಬ್ಬಳು ನಗು ನಿಲ್ಲಿಸಿ ತಲೆ ತಗ್ಗಿಸಿದಳು. ನಾನು ನಿಲ್ಲಿಸಲಿಲ್ಲ. ನಾಲಿಗೆ ಮುಂದಿನ ಸಾಲಿಗೆ ಹೋಗಿತ್ತು. ಕೊನೆಯ ಸಾಲು ಇದು: ‘ಈ ಕಾಗದ ಒಡೆಯುವಷ್ಟರಲ್ಲಿ ನೀವು ನನ್ನನ್ನು ಏಯ್ ಅನ್ನದೆ, ಒಂದು ಸಲವಾದರೂ ಹೆಸರು ಹಿಡಿದು ಕರೆದಿರುತ್ತೀರಿ. ಕರೆದಿಲ್ಲವಾದರೆ ಈಗ ಕರೆಯಿರಿ. ನಾನು ಒಳಗೇ ಇರುತ್ತೇನೆ.’

ತಂಗಿಯ ಗಂಡ ಎದ್ದು ನಿಂತ. ಆಳುಗಳಿಗೆ ಕಣ್ಣು ಹೊಡೆದು, ಒಳಮನೆಯ ಕಡೆ ತಿರುಗಿ, ಅವಳ ಹೆಸರನ್ನು ರಾಗ ಎಳೆದು ಕೂಗಿದ.

ಅವಳು ಓಡಿ ಬಂದಳು. ಕೈಗೆ ಅಂಟಿದ ರಾಗಿ ಹಿಟ್ಟು ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದವಳ ಮುಖ ನಾನು ಅವಳ ಮದುವೆಯಲ್ಲೂ ನೋಡಿರದ ಮುಖ. ಅಷ್ಟು ಬೆಳಕು. ಹನ್ನೆರಡು ವರ್ಷ ಕಳೆದು ಮೊದಲ ಸಲ ಗಂಡನ ಬಾಯಲ್ಲಿ ತನ್ನ ಹೆಸರು ಕೇಳಿದ್ದಳು. ಹೊರಗೆ ಎಲ್ಲರೂ ನಗುತ್ತಿರುವುದು ಕಾಣಿಸಿತು. ಆಮೇಲೆ ನನ್ನ ಕೈಯಲ್ಲಿದ್ದ ಕಾಗದ ಕಾಣಿಸಿತು.

ಅಳಲಿಲ್ಲ. ಇಳಿದು ಬಂದು ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ಸಿಪ್ಪೆಯೊಳಗೆ ಕೈಯಾಡಿಸಿ ಅರಗಿನ ತುಂಡುಗಳನ್ನು ಹುಡುಕಿದಳು, ಒಂದೇ ಸಿಕ್ಕಿತು.

“ನಿಂಗೆ ಓದಕ್ಕೆ ಬರಲ್ಲ ಅಂತಾನೇ ಅಣ್ಣ, ನಿಂತಾವ ಕೊಟ್ಟಿದ್ದು” ಎಂದಳು.

ಒಳಗೆ ಹೋಗಿ ಮುದ್ದೆ ಕಟ್ಟಿ ಎಲ್ಲರಿಗೂ ಬಡಿಸಿದಳು. ನನಗೂ ಬಡಿಸಿದಳು. ನಾನು ಉಂಡೆ.

ಆಮೇಲಿಂದ ಅವನು ಅವಳನ್ನು ಹೆಸರು ಹಿಡಿದೇ ಕರೆಯುತ್ತಾನಂತೆ. ಅದೇ ರಾಗ. ಅಂಗಡಿಗೆ ಯಾರಾದರೂ ಬಂದರೆ ಇನ್ನೂ ಜೋರಾಗಿ. ಅವಳು ತನ್ನ ಹೆಸರಿಗೆ ಓಗೊಡುವುದನ್ನೇ ಬಿಟ್ಟಿದ್ದಾಳೆ ಎಂದು ನನ್ನ ಹೆಂಡತಿ ಹೇಳಿದಳು. ನಾನು ಫೋನು ಮಾಡಿದರೆ ಮಗಳ ಕೈಗೆ ಕೊಡುತ್ತಿದ್ದಳು. “ಹೋಗಿ ತಪ್ಪಾಯ್ತು ಅನ್ರಿ, ನಾಲ್ಗೆ ಸವೆಯಾದಿಲ್ಲ” ಎಂದು ಹೆಂಡತಿ ಬೈದಾಗಲೆಲ್ಲ, ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಹೋಗುತ್ತೇನಲ್ಲ, ಆಗ ಹೇಳುತ್ತೇನೆ ಎಂದು ಮುಂದಕ್ಕೆ ಹಾಕುತ್ತಿದ್ದೆ.

ಹಬ್ಬದ ದಿನ ಮೊರದ ಬಾಗಿನದ ಜೊತೆ ಆ ಡಬ್ಬಿಯನ್ನೂ ತೊಳೆದು ಒರೆಸಿ ಒಯ್ದೆ. ಇನ್ನೊಂದು ಕಾಗದ ಬರೆದುಕೊಡಲಿ, ಈ ಸಲ ಸರಿಯಾಗಿ ಕಾಯುತ್ತೇನೆ ಎಂಬ ಯೋಚನೆ ಇತ್ತು. ಅವರ ಮನೆಯ ಜಗುಲಿಯಲ್ಲಿ ತಂಗಿಯ ಗಂಡ ಇಬ್ಬರು ವ್ಯಾಪಾರಿಗಳ ಜೊತೆ ಕಾಫಿ ಕುಡಿಯುತ್ತಿದ್ದ.

“ಬನ್ನಿ ಬಾವ. ಇನ್ನೊಂದು ಕಾಗ್ದ ಐತಾ? ಇವ್ರೂ ಕೇಳ್ಲಿ” ಎಂದವನೇ ಒಳಗೆ ತಿರುಗಿ ಅವಳ ಹೆಸರನ್ನು ರಾಗವಾಗಿ ಕೂಗಿದ. ವ್ಯಾಪಾರಿಗಳು ನಕ್ಕರು. ಅವಳು ಬರಲಿಲ್ಲ. “ನಿಮ್ಮಣ್ಣ ಬಂದವ್ರೆ” ಎಂದ ಮೇಲೆ ಬಂದು ಬಾಗಿಲ ಒಳಗೇ ನಿಂತಳು. ನಾನು ಡಬ್ಬಿ ತೋರಿಸಿದೆ. ಅವಳು ಅದನ್ನು ತೆಗೆದುಕೊಂಡು ಮುಚ್ಚಳ ತಿರುಗಿಸಿ ನೋಡಿದಳು.

“ಖಾರದ ಪುಡಿ ಹಾಕ್ಕಂತೀನಿ. ಮುಚ್ಚಳ ಬಿಗಿಯಾಗೈತೆ” ಎಂದಳು.

ಅಷ್ಟು ಹೇಳಿ ಒಳಗೆ ತಿರುಗಿದಳು. ಅವಳ ಹಿಂದೆ ಅಡುಗೆಮನೆಗೆ ಹೋಗಿ ಯಾರಿಗೂ ಕೇಳಿಸದಂತೆ ಹೇಳಬಹುದಾಗಿತ್ತು. ಆದರೆ ಓದಿದ್ದು ಎಲ್ಲರ ಮುಂದೆ. ಮೊರವನ್ನು ಹೊಸಿಲ ಮೇಲಿಟ್ಟು, ಜಗುಲಿಗೂ ಕೇಳುವಷ್ಟು ಜೋರಾಗಿ ಹೇಳಿದೆ.

“ನಂಗೆ ಓದಕ್ಕೆ ಬರಲ್ಲ ಕಣವ್ವ. ಆವತ್ತು ಇದನ್ನ ಹೇಳ್ಬೇಕಾಗಿತ್ತು, ಹೇಳ್ಳಿಲ್ಲ. ಇವ್ರು ಕುಣಿಸುದ್ರು, ನಾನು ಕುಣುದೆ. ನೀನು ಅಳೋ ಮಾತ್ನ ಓದಿ ಎಲ್ರನ್ನೂ ನಗಿಸುದೆ. ತಪ್ಪಾಯ್ತು. ತಪ್ಪಾಯ್ತು ಕಣವ್ವ.”