ಬೆಕ್ಕು ತೋರಿಸಿದ ಕಳ್ಳ

ಗೋಡೆಯಲ್ಲಿ ಚಾರ್ಜರ್ ಕಂಡರೆ ಅಜ್ಜಿಗೆ ಮೈಯೆಲ್ಲ ಉರಿ. "ಕರೆಂಟು ಹೀರೋ ಜಿಗಣೆಗಳು!" ಎಂದು ಬೈಯುತ್ತ ದಿನವೂ ಕಿತ್ತಿಡುತ್ತಿದ್ದಳು. ಆದರೂ ಬಿಲ್ಲು ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಟಿವಿಯ ಸೆಟ್-ಟಾಪ್ ಬಾಕ್ಸನ್ನು ಮಾತ್ರ ರಿಮೋಟಿನಲ್ಲೇ ಆರಿಸಿ, "ಮಲಗಪ್ಪ" ಅನ್ನುತ್ತಿದ್ದಳು. ಅದರ ಮೇಲೆ ಬೆಕ್ಕು ಸದಾ ಸುರುಳಿ ಸುತ್ತಿ ಬಿದ್ದಿರುತ್ತಿತ್ತು.

ಎಲೆಕ್ಟ್ರಿಷಿಯನ್ ಆಗಿದ್ದ ಸೊಸೆ ಒಂದು ದಿನ ಬೆಕ್ಕನ್ನು ಎತ್ತಿ, ಬಾಕ್ಸು ಮುಟ್ಟಿ ಕೇಳಿದಳು: "ಅತ್ತೆ, ಆರಿಸಿದ ಬಾಕ್ಸು ಬೆಚ್ಚಗೆ ಯಾಕಿದೆ?" ಕರೆಂಟು ಅಳೆಯುವ ಪುಟ್ಟ ಮೀಟರು ಸಿಕ್ಕಿಸಿ ನೋಡಿದರೆ ಖಾಲಿ ಚಾರ್ಜರಿಗೆ ಹೆಚ್ಚುಕಡಿಮೆ ಸೊನ್ನೆ, ಮಲಗಿದ ಬಾಕ್ಸಿಗೆ ಹನ್ನೆರಡು ವ್ಯಾಟ್! "ವರ್ಷಕ್ಕೆ ನಮ್ಮ ಒಂದು ತಿಂಗಳ ಬಿಲ್ಲಿನಷ್ಟು ಇದೊಂದೇ ನುಂಗುತ್ತೆ."

"ಅಯ್ಯೋ, ಇರುವೆ ಓಡಿಸ್ತಾ ಆನೆಗೆ ಜೋಗುಳ ಹಾಡಿದ್ನಲ್ಲೇ!" ಅಜ್ಜಿ ಬಿದ್ದುಬಿದ್ದು ನಕ್ಕು, ಗೋಡೆಯ ಸ್ವಿಚ್ಚನ್ನೇ ಆರಿಸಿದಳು.

ಬಾಕ್ಸು ತಣ್ಣಗಾಯಿತು. ಬೆಕ್ಕು ಮುನಿಸಿಕೊಂಡು ಎದ್ದು, ಮೈಮುರಿದು, ನೆಟ್ಟಗೆ ಹೋಗಿ ವೈಫೈ ರೂಟರನ್ನು ತಬ್ಬಿ ಮಲಗಿತು.

"ಸೊಸೆ, ಬಾರೇ! ಇನ್ನೊಬ್ಬ ಕಳ್ಳ ಸಿಕ್ಕಿಬಿದ್ದ!"