ಬ್ರಾಕೆಟ್ಟಿನೊಳಗೆ ಏಳು ಅಂತಿದ್ದ ಫೋಟೊ

ನಮ್ಮ ಯಜಮಾನರಿಗೆ ಒಂದು ಕೆಟ್ಟ ಧೈರ್ಯ ಇದೆ. ಏನನ್ನಾದರೂ ಎಸೆಯಬೇಕೆಂದರೆ ಹಿಂದೆಮುಂದೆ ನೋಡುವುದಿಲ್ಲ. ನನಗೋ, ಹಳೇ ಸೀರೆಯ ಸೆರಗನ್ನೂ ಎಸೆಯುವ ಮನಸ್ಸಿಲ್ಲ. ಇಬ್ಬರೂ ಸೇರಿ ಮಳವಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸು, ಮದುವೆ ಕಾರ್ಡು, ಫೋಟೊ ಪ್ರಿಂಟಿನ ಅಂಗಡಿ ಇಟ್ಟುಕೊಂಡಿದ್ದೇವೆ. ಡಿಸೈನು ನನ್ನದು, ಪ್ರಿಂಟು ಅವರದು, ಲ್ಯಾಪ್‌ಟಾಪು ಇಬ್ಬರಿಗೂ ಸೇರಿ ಒಂದೇ.

ಆ ಲ್ಯಾಪ್‌ಟಾಪಿನ ಹೊಟ್ಟೆ ಯಾವಾಗಲೂ ತುಂಬಿರುತ್ತಿತ್ತು. ಅದಕ್ಕೆ ನಮ್ಮ ಅಂಗಡಿಯ ಪದ್ಧತಿಯೇ ಕಾರಣ. ಗಿರಾಕಿ ಬಂದು "ಆ ಫೋಟೊ ಕಳ್ಸಿದ್ನಲ್ಲ" ಅಂದರೆ ಅದನ್ನು ಹುಡುಕುವುದಕ್ಕಿಂತ ಈಮೇಲಿನಿಂದ ಇನ್ನೊಂದು ಸಲ ಇಳಿಸಿಕೊಳ್ಳುವುದೇ ಸುಲಭ. ಒಂದು ಫ್ಲೆಕ್ಸಿಗೆ ಮೂರು ಸಲ ತಿದ್ದುಪಡಿ ಹೇಳಿದರೆ ಅದೇ ಫೋಟೊ ಮೂರು ಸಲ ಇಳಿಯುತ್ತಿತ್ತು. ಮೊದಲೇ ಆ ಹೆಸರಿನ ಫೈಲಿದ್ದರೆ ಬ್ರೌಸರು ತಾನಾಗಿಯೇ ಪಕ್ಕದಲ್ಲಿ ಬ್ರಾಕೆಟ್ಟು ಹಾಕಿ ಒಂದು, ಎರಡು ಎಂದು ನಂಬರು ಕೊಡುತ್ತದೆ. ಹೀಗೆ ನಮ್ಮ ಡೌನ್‌ಲೋಡ್ಸ್ ಫೋಲ್ಡರು ಸಂತೆಯಾಗಿತ್ತು.

ಕಳೆದ ಕಾರ್ತಿಕದ ಒಂದು ಬೆಳಿಗ್ಗೆ ಡಿಸೈನ್ ಸಾಫ್ಟ್‌ವೇರು ಕೈಯೆತ್ತಿತು. ಡಿಸ್ಕಿನಲ್ಲಿ ಜಾಗ ಇಲ್ಲ, ಸೇವ್ ಮಾಡಲಾರೆ ಎಂದಿತು. ಯಜಮಾನರು ಕುರ್ಚಿ ಎಳೆದುಕೊಂಡು ಕೂತರು.

ಅಷ್ಟರಲ್ಲಿ ಬಂಡೂರಿನ ಹೆಂಗಸೊಬ್ಬಳು ಒಳಗೆ ಬಂದಳು. ನನಗೆ ಗುರುತಿನವಳೇ. ಅವಳಪ್ಪ ತೀರಿಕೊಂಡಾಗ ತಿಥಿಯ ಫ್ಲೆಕ್ಸನ್ನು ನಾವೇ ಮಾಡಿಕೊಟ್ಟಿದ್ದೆವು.

"ಅಕ್ಕ, ನಾಡಿದ್ದು ಗೃಹಪ್ರವೇಸ ಮಡಗಿವ್ನಿ. ಅಪ್ಪಂದು ಆ ಫೋಟೊ ಐತಲ್ಲ, ಅದ್ನ ದೊಡ್ಡುದಾಗಿ ಮಾಡಿ ಫ್ರೇಮು ಆಕ್ಸಿಕೊಡಿ" ಅಂದಳು. "ಪಾಯಕ್ಕೆ ಗುದ್ದಲಿ ಆಕ್ದೋನು ಅವ್ನೇ. ಮನೆ ಮುಗಿಯೋದ್ನ ನೋಡ್ಲಿಲ್ಲ."

ಅವಳ ಹಳೇ ಫೋನು ನೀರಿಗೆ ಬಿದ್ದು ಕೆಟ್ಟಿತ್ತು. ಹೊಸದರಲ್ಲಿ ಇದ್ದದ್ದು ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಅಂಗೈಯಗಲದ ನಕಲು. ದೊಡ್ಡದು ಮಾಡಿ ನೋಡಿದೆ. ಮುಖ ಕದಡಿದ ರಾಗಿ ಅಂಬಲಿಯ ಹಾಗೆ ಕಂಡಿತು. ಅಸಲಿ ಫೋಟೊ ತೆಗೆದವರು ಅವಳಪ್ಪ ಸಾಕಿದ್ದ ಬಂಡೂರು ತಳಿಯ ಕುರಿ ನೋಡಲು ಬಂದಿದ್ದ ಯಾರೋ ಪರವೂರಿನವರು. ತಿಥಿ ಸಮಯದಲ್ಲಿ ಅವರೇ ಅದನ್ನು ನಮ್ಮ ಅಂಗಡಿಗೆ ಮೇಲ್ ಮಾಡಿದ್ದರು. ಅವರ ನಂಬರು ಹಳೇ ಫೋನಿನ ಜೊತೆ ಹೋಗಿತ್ತು. ನಮ್ಮ ಹಳೇ ಮೇಲುಗಳನ್ನೂ ಮುಗಿದ ಫ್ಲೆಕ್ಸಿನ ಫೈಲುಗಳನ್ನೂ ಯಜಮಾನರು ಯುಗಾದಿಗೇ ಅಳಿಸಿ ಕೈ ತೊಳೆದುಕೊಂಡಿದ್ದರು. ಇನ್ನು ಅದು ಇದ್ದರೆ ಡೌನ್‌ಲೋಡ್ಸಿನ ಆ ಸಂತೆಯಲ್ಲೇ ಇರಬೇಕು.

"ಇರ್ತದೆ ಬುಡು, ಎಲ್ಲೋಗ್ತದೆ" ಎಂದರು ಯಜಮಾನರು. "ಮೊದ್ಲು ಜಾಗ ಮಾಡಾನ. ಬ್ರಾಕೆಟ್ಟು ನಂಬರ್ ಇರೋವೆಲ್ಲ ಡಬಲ್ಲು ತಾನೆ? ಒಟ್ಟಿಗೆ ತಗ್ದಾಕ್ಬುಡ್ತೀನಿ."

ನಾನು ತಿರುಗಿ ನೋಡುವಷ್ಟರಲ್ಲಿ ಪರದೆ ತುಂಬ ನೀಲಿ ಬಳಿದುಕೊಂಡಿತ್ತು. ಎಲ್ಲವನ್ನೂ ಸೆಲೆಕ್ಟ್ ಮಾಡಿ ಶಿಫ್ಟ್ ಒತ್ತಿ ಹಿಡಿದಿದ್ದರು. ಹಾಗೆ ಡಿಲೀಟ್ ಒತ್ತಿದರೆ ಕಸದ ಬುಟ್ಟಿಗೂ ಹೋಗದೆ ನೇರ ಮಾಯ. ನಾನು ಅವರ ಮಣಿಕಟ್ಟು ಹಿಡಿದುಕೊಂಡೆ.

"ತಗೀರಿ ಕೈಯ."

"ಯಾಕಮ್ಮಿ?"

"ಈಮೇಲಲ್ಲಿ ಬರೋ ಫೋಟೊ ಅರ್ಧಕ್ಕರ್ಧ ಬರೀ 'ಫೋಟೊ' ಅನ್ನೋ ಹೆಸ್ರಲ್ಲೇ ಬತ್ತವೆ. ಒಂದನೇದು ಒಬ್ರ ನಿಶ್ಚಿತಾರ್ಥ, ಎರಡನೇದು ಇನ್ನೊಬ್ರ ಮಗೂನ ತೊಟ್ಲಿಗೆ ಆಕಿದ್ದು. ಹೆಸ್ರು ಒಂದೇ ಆದ್ರೆ ಆಳೂ ಒಂದೇನಾ?"

ಆ ಹೆಂಗಸು ಸೆರಗಿನ ತುದಿ ಹಿಡಿದುಕೊಂಡು ಇಬ್ಬರನ್ನೂ ನೋಡುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೊಂದು ಗಳಿಗೆ ತಡವಾಗಿದ್ದರೆ ಏನು ಉತ್ತರ ಕೊಡುತ್ತಿದ್ದೆವು?

ಮಂಡ್ಯದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ನನ್ನ ಗೆಳತಿ ಹಿಂದೊಮ್ಮೆ ಹ್ಯಾಶ್ ಎನ್ನುವುದರ ಬಗ್ಗೆ ಹೇಳಿದ್ದಳು. ಫೈಲಿನ ಒಳಗಿರುವುದನ್ನೆಲ್ಲ ಓದಿ ಲೆಕ್ಕ ಹಾಕಿ ಅಂಕಿ ಅಕ್ಷರಗಳ ಒಂದು ಸಾಲು ಕೊಡುತ್ತದೆ, ಅದು ಫೈಲಿನ ಹೆಬ್ಬೆಟ್ಟಿನ ಗುರುತು. ಹೆಸರು ಏನೇ ಇರಲಿ, ಅದಕ್ಕೆ ಬೇಕಿಲ್ಲ. ಒಳಗಿನದು ಒಂದೇ ಆದರೆ ಹ್ಯಾಶೂ ಒಂದೇ. ಒಂದು ಚುಕ್ಕಿ ಬದಲಾದರೂ ಸಾಲು ಪೂರ್ತಿ ಬೇರೆ. ಅವಳಿಗೆ ಫೋನು ಮಾಡಿದೆ. ಲ್ಯಾಪ್‌ಟಾಪಿನಲ್ಲೇ ಇರುವ ಕಮಾಂಡ್ ಕಿಟಕಿಗೆ ಹಾಕಬೇಕಾದ ಸಾಲುಗಳನ್ನು ಕಳಿಸಿ, "ಮೊದಲು ಸೈಜು ಒಂದೇ ಇರೋವನ್ನ ಗುಂಪು ಮಾಡುತ್ತೆ, ಅವಕ್ಕೆ ಮಾತ್ರ ಹ್ಯಾಶ್ ತೆಗೆಯುತ್ತೆ. ಸೈಜೇ ಬೇರೆ ಇದ್ದರೆ ಅವು ಒಂದೇ ಆಗೋದಕ್ಕೆ ಸಾಧ್ಯವೇ ಇಲ್ಲ" ಎಂದಳು.

ಯಜಮಾನರಿಗೆ ಅಷ್ಟು ಹೊತ್ತಿಗೆ ಉತ್ಸಾಹ ಬಂದಿತ್ತು. "ಹಂಗಾದ್ರೆ ಇವ್ರ ಫೋನಲ್ಲಿರೋ ಫೋಟೊದ ಹ್ಯಾಶ್ ತಗ್ದು ಅದೇ ಎಲ್ಲೈತೆ ಅಂತ ಹುಡುಕ್ಬುಡಾನ."

ಹುಡುಕಿಸಿದೆವು. ಯಾವುದೂ ಹೊಂದಲಿಲ್ಲ. ಹೆಂಗಸಿನ ಮುಖ ಬಾಡಿತು. ನಾನೇ ಹೇಳಿದೆ, "ಹೊಂದೋದಿಲ್ಲ ಕಣಮ್ಮ. ವಾಟ್ಸಾಪು ಫೋಟೊನ ಹಿಂಡಿ ಚಿಕ್ಕದು ಮಾಡಿ ಕಳ್ಸಿರ್ತದೆ. ನಮ್ಮ ಕಣ್ಣಿಗೆ ಅದು ನಿಮ್ಮಪ್ಪ. ಹ್ಯಾಶಿಗೆ ಅದು ಬೇರೆ ಫೈಲು. ಮುಖ ಹುಡುಕೋದು ಅದ್ರ ಕೆಲ್ಸ ಅಲ್ಲ. ಅದು ಕಸ ಗುಡಿಸ್ಲಿ, ಮುಖ ನಾವು ಹುಡುಕಾನ."

ಕಮಾಂಡು ಓಡಿತು. ಗುಂಪುಗಳು ಒಂದೊಂದೇ ಇಳಿಯತೊಡಗಿದವು. ಹುಟ್ಟುಹಬ್ಬದ ಫ್ಲೆಕ್ಸಿಗೆಂದು ಕೈಮುಗಿದು ನಿಂತ ಒಬ್ಬ ಯುವ ಮುಖಂಡರು ಬೇರೆಬೇರೆ ಹೆಸರಿನಲ್ಲಿ ಪರದೆಯ ಮೇಲಿಂದ ಕೆಳಗಿನವರೆಗೂ ಕೂತಿದ್ದರು. ಬ್ರಾಕೆಟ್ಟೇ ಇಲ್ಲದ ಮದುವೆಯ ದಪ್ಪ ದಪ್ಪ ವಿಡಿಯೊಗಳು 'ಫೈನಲ್', 'ಹೊಸ ಫೈನಲ್', 'ಇದೇ ಫೈನಲ್' ಎಂದು ಹೆಸರಿಟ್ಟುಕೊಂಡು ಒಂದೇ ಹ್ಯಾಶಿನಲ್ಲಿ ಸಿಕ್ಕಿಬಿದ್ದವು. ಜಾಗ ತಿಂದಿದ್ದ ಕಳ್ಳರು ಇವು. ಯಜಮಾನರು ಹೇಳಿದ ಹಾಗೆ ಬ್ರಾಕೆಟ್ಟು ನೋಡಿ ಅಳಿಸಿದ್ದರೆ ಇವೆಲ್ಲ ಹಾಯಾಗಿ ಉಳಿದುಕೊಳ್ಳುತ್ತಿದ್ದವು. ಬ್ರಾಕೆಟ್ಟಿನ ಬಡಪಾಯಿಗಳು ಎಷ್ಟೋ ಯಾವ ಗುಂಪಿಗೂ ಸೇರಿರಲಿಲ್ಲ. ಪ್ರತಿಯೊಂದೂ ತನಗೆ ತಾನೇ ಒಂದು.

ಪ್ರತಿ ಗುಂಪಿನಲ್ಲೂ ಒಂದೊಂದನ್ನು ಇಟ್ಟುಕೊಂಡು ಮಿಕ್ಕವನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸಿದೆ. ಅಳಿಸುವುದು ಆಮೇಲೆ, ಎರಡು ದಿನ ನೋಡಿಕೊಂಡು. ಡಿಸ್ಕು ತುಂಬಿದೆಯೆಂದು ತೋರಿಸುತ್ತಿದ್ದ ಕೆಂಪು ಪಟ್ಟಿ ಸರಸರ ಹಿಂದಕ್ಕೆ ಹೋಗಿ ನೀಲಿಯಾಯಿತು. ಸಾಫ್ಟ್‌ವೇರು ಮಾತಿಲ್ಲದೆ ತೆರೆದುಕೊಂಡಿತು. ನನಗೆ ಎದ್ದು ಕುಣಿಯಬೇಕು ಅನ್ನಿಸಿತು, ನಿಜ ಹೇಳುತ್ತೇನೆ.

ಸಂತೆ ಚದುರಿದ ಮೇಲೆ 'ಫೋಟೊ' ಎಂಬ ಹೆಸರಿನವು ಕಣ್ಣಾಡಿಸುವಷ್ಟು ಉಳಿದಿದ್ದವು. ಒಂದೊಂದೇ ತೆರೆದೆ. ಬ್ರಾಕೆಟ್ಟಿನೊಳಗೆ ಏಳು ಅಂತಿದ್ದದ್ದು ತೆರೆದಾಗ ಹೆಂಗಸು ಎದ್ದುನಿಂತಳು.

ಪರದೆಯ ತುಂಬ ಅವಳಪ್ಪ. ಪಕ್ಕದಲ್ಲಿ ಗಿಡ್ಡಕಾಲಿನ ದುಂಡನೆ ಬಂಡೂರು ಟಗರು. ನಾನು ದೊಡ್ಡದು ಮಾಡುತ್ತ ಹೋದೆ, ಮುಖ ಕದಡಲೇ ಇಲ್ಲ. ಗಡ್ಡದ ಬಿಳಿ ಕೂದಲು ಬಿಡಿಬಿಡಿಯಾಗಿ ಕಂಡವು.

"ನೋಡಕ್ಕ, ಕಿವಿ ಸಂದೀಲಿ ಬೀಡಿ ಮಡೀಕಂಡವ್ನೆ" ಅಂದಳು ಅವಳು. "ನಂಗೆ ಬುಟ್ಬುಟ್ಟಿವ್ನಿ ಅಂತ ಆಣೆ ಮಾಡಿದ್ದ." ನಗುತ್ತ ನಗುತ್ತಲೇ ಅತ್ತಳು.

ಯಜಮಾನರು ಒಳಗೆ ಹೋಗಿ ಅಂಗಡಿಯಲ್ಲಿದ್ದ ಅತಿ ಒಳ್ಳೆಯ ಪೇಪರನ್ನು ಮೆಷಿನ್ನಿಗೆ ಹಾಕಿದರು. ಪ್ರಿಂಟು ಬಂದ ಮೇಲೆ, "ಬೀಡಿ ಅಳ್ಸ್ಲಾ ಬ್ಯಾಡ್ವಾ?" ಎಂದು ಕೇಳಿದರು.

"ಇರ್ಲಿ ಬುಡಿ ಅಣ್ಣ" ಅಂದಳು.

ಗೃಹಪ್ರವೇಶಕ್ಕೆ ನಾವಿಬ್ಬರೂ ಹೋಗಿದ್ದೆವು. ಹೊಸಿಲು ದಾಟಿ ಮೊದಲು ಹಸು ಒಳಗೆ ಹೋಯಿತು. ಅದರ ಹಿಂದೆ ಮನೆಯವರು ಹೆಜ್ಜೆ ಎತ್ತಿದಾಗ ಅವಳು ಎಲ್ಲರನ್ನೂ ತಡೆದಳು. ಫ್ರೇಮನ್ನು ಎದೆಗೆ ಆನಿಸಿಕೊಂಡು, ಮುಖ ಮುಂದಕ್ಕೆ ಮಾಡಿ ಹಿಡಿದು, "ಮೊದ್ಲು ನೀನು ನಡಿಯಪ್ಪ" ಎಂದು ಅವನನ್ನು ಒಳಗೆ ಕರೆದುಕೊಂಡು ಹೋದಳು.