ಹೊತ್ತು ಮುಳುಗಿದರೆ ಕಪ್ಪಾಗುವ ಮೊಬೈಲು

ಹುಮನಾಬಾದದ ನನ್ನ ಚಿಕ್ಕಮ್ಮ, ಅಂದರೆ ಕಾಕು, ಬಸವಕಲ್ಯಾಣದ ನಮ್ಮ ಮನೆಗೆ ಬಂದಾಗಲೆಲ್ಲ ಮೊಬೈಲಿನ ಮೇಲೊಂದು ದೂರು ತರುತ್ತಿದ್ದರು. ಆ ಸಲದ ದೂರು ಕಣ್ಣುರಿ. ಸಂಜೆ ಬೀಗರ ಮೆಸೇಜು ಓದಲು ಕೂತರೆ ಬಿಳಿ ಪರದೆ ಕಣ್ಣಿಗೆ ಚುಚ್ಚುತ್ತಿತ್ತಂತೆ.

ನಾನು ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ತೆರೆದು ಡಾರ್ಕ್ ಮೋಡ್ ಒತ್ತಿದೆ. ಪರದೆ ಕಪ್ಪಾಯಿತು, ಅಕ್ಷರ ಬೆಳ್ಳಗಾದವು.

"ಸಾಲಿ ಹಲಗಿ ಆತಲ್ಲ ಇದು. ಹಗಲಿಗೂ ಹಿಂಗೇ ಇದ್ರ ಬಿಸಿಲಾಗ ನನಗೇನ್ ಕಾಣಬೇಕು?" ಎಂದರು ಕಾಕು.

ಹಾಗಾಗಿ ಅಲ್ಲೇ ಶೆಡ್ಯೂಲ್‌ಗೆ ಹೋಗಿ, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಎಂದು ಆರಿಸಿದೆ. ಅದು ಕೇಳಿತೆಂದು ಲೊಕೇಶನ್ನೂ ಆನ್ ಮಾಡಿದೆ.

"ಇನ್ನ ಹೊತ್ತು ಮುಳುಗಿದ ಮ್ಯಾಲ ತಾನೇ ಕಪ್ಪಾಗ್ತದರಿ, ಮುಂಜಾನೆ ತಾನೇ ಬೆಳ್ಳಗಾಗ್ತದ."

"ಚೀಲದಾಗ ಇರೋ ಫೋನಿಗಿ ಹೊತ್ತು ಮುಳುಗಿದ್ದು ಹ್ಯಾಂಗ ಗೊತ್ತಾಗ್ತದ?"

"ನೀವು ಯಾವ ಊರಾಗ ಇದ್ದೀರಿ ಅನ್ನೋದು ಗೊತ್ತಿರ್ತದಲ್ರಿ, ಅದರ ಮ್ಯಾಲ ಲೆಕ್ಕಾ ಹಾಕ್ತದ. ಆಕಾಶ ನೋಡಂಗಿಲ್ಲ."

ಕಾಕುಗೆ ಇದು ಬಹಳ ಹಿಡಿಸಿತು. ಅವರ ಮನೆಯಲ್ಲಿ ಸಂಜೆಯ ಚಹಾ ದೀಪ ಹಚ್ಚಿದ ಮೇಲೆಯೇ. ಚಹಾದ ಹುಚ್ಚಿನ ಕಾಕಾ ಮೋಡ ಕವಿದ ದಿನವೆಲ್ಲ ಹೊತ್ತಿಗೆ ಮುಂಚೆಯೇ "ಕತ್ತಲಾತು" ಎನ್ನುತ್ತ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಈಗ ಕಾಕು ಮಾತಾಡದೆ ಮೊಬೈಲು ಎತ್ತಿ ತೋರಿಸತೊಡಗಿದರು. ಪರದೆ ಬೆಳ್ಳಗಿದ್ದರೆ ಚಹಾ ಇಲ್ಲ. ಕಾಕಾ ಗೊಣಗುತ್ತ ಕಟ್ಟೆಗೆ ಹೋಗಿ ಕೂಡುತ್ತಿದ್ದರು.

ಒಂದು ದಿನ ಮಟಮಟ ಮಧ್ಯಾಹ್ನ ಕಾಕುವಿನ ಫೋನು ಬಂತು. ದನಿ ತಗ್ಗಿತ್ತು.

"ಇವತ್ತೇನರ ಗ್ರಹಣ ಅದ ಏನು? ಹೊರಗ ಬಿಸಿಲು ಸುಡಾಕತ್ತದ, ಫೋನು ಕಪ್ಪಾಗಿ ಕುಂತದ. ನಿಮ್ಮ ಕಾಕಾ ಹೊತ್ತು ಮುಳುಗ್ಯಾದ, ಚಾ ಇಡು ಅಂತ ಬೆನ್ನು ಹತ್ತಿದ್ರು."

ಹಿಂದಿನಿಂದ ಕಾಕಾ, "ಫೋನ್ ಸುಳ್ಳು ಹೇಳಂಗಿಲ್ಲ ಅಂತ ನೀನೇ ಅಂದೀದಿ," ಎನ್ನುವುದು ಕೇಳಿಸಿತು.

"ಚಾರ್ಜ್ ಎಷ್ಟದ ನೋಡ್ರಿ," ಎಂದೆ.

"ಮುಗಿಯಾಕ ಬಂದದ. ಮುಂಜಾನಿಂದ ತಂಗಿ ಜೋಡಿ ಮಾತಾಡಾಕತ್ತಿದ್ದೆ."

ಚಾರ್ಜ್ ಇಳಿದಾಗ ಬ್ಯಾಟರಿ ಸೇವರ್ ಆನ್ ಆಗಿ, ಉಳಿತಾಯಕ್ಕೆಂದು ಪರದೆಯನ್ನು ತಾನೇ ಕಪ್ಪು ಮಾಡಿತ್ತು. ಅದನ್ನೇ ಹೇಳಿ, ಚಾರ್ಜಿಗೆ ಹಾಕಲು ತಿಳಿಸಿದೆ. ಹಾಕಿದರು. ಸ್ವಲ್ಪ ತಡೆದು ಕಾಕು ನಿಟ್ಟುಸಿರು ಬಿಟ್ಟರು. "ಬೆಳ್ಳಗಾತು ನೋಡು."

"ಚಾ ಕೊಟ್ಟಿಲ್ಲ ಅಲ್ರಿ?"

"ಕೊಟ್ಟೀನಪಾ. ಕುಡದು ಆತು, ದೀಪಾನೂ ಹಚ್ಚೀನಿ."

ಆಮೇಲೆ ಅವರ ಮನೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಚಾರ್ಜರು ಕಳೆದುಹೋಗತೊಡಗಿತು. ಒಮ್ಮೆ ದಿಂಬಿನ ಕೆಳಗೆ ಸಿಕ್ಕಿತು, ಒಮ್ಮೆ ಜೋಳದ ಡಬ್ಬಿಯಲ್ಲಿ. ಕಾಕಾ ಪ್ರತಿಸಲವೂ ಕಾಕುವಿನ ಜೊತೆ ಮನೆಯೆಲ್ಲ ಹುಡುಕುತ್ತಿದ್ದರು, ಬಹಳ ನಿಧಾನವಾಗಿ.